ವರ್ಷಕ್ಕೊಮ್ಮೆ ಏರುವ ಕಂತು

ತಿಂಗಳಿಗೆ 5,000 ರೂಪಾಯಿಯಿಂದ ಶುರುವಾಗಿ, ಪ್ರತಿ ವರ್ಷ ಶೇ 10ರಷ್ಟು ಏರುವ ಮ್ಯೂಚುವಲ್ ಫಂಡ್ ಎಸ್‌ಐಪಿಯೊಂದನ್ನು ಲೆಕ್ಕ ಹಾಕೋಣ. ಅವಧಿ 20 ವರ್ಷ. ವಾರ್ಷಿಕ ಗಳಿಕೆ ಶೇ 12 ಎಂದಿಟ್ಟುಕೊಳ್ಳೋಣ. ಇದು ಊಹೆಯಷ್ಟೇ, ಮಾರುಕಟ್ಟೆ ಕೊಟ್ಟ ಮಾತಲ್ಲ.

ಮೊದಲ ವರ್ಷದ ಹನ್ನೆರಡು ಕಂತುಗಳು ಬೆಳೆದು ವರ್ಷಾಂತ್ಯಕ್ಕೆ ಸುಮಾರು 63,200 ರೂಪಾಯಿ ಆಗುತ್ತವೆ. ಇದನ್ನು A ಎನ್ನೋಣ. ಮುಂದಿನ ವರ್ಷಗಳ ಮೊತ್ತ ಇದೇ ದರದಲ್ಲಿ ಏರುವುದರಿಂದ ಒಂದೇ ಸೂತ್ರ ಸಾಕು:

A × [(1+r)^n − (1+g)^n] ÷ (r − g)

ಇಲ್ಲಿ r ಗಳಿಕೆ, g ಕಂತಿನ ಏರಿಕೆ, n ವರ್ಷಗಳು. ಎರಡೂ ದರ ಸಮವಾದರೆ ಸೊನ್ನೆಯಿಂದ ಭಾಗಿಸಬೇಕಾಗಿ ಸೂತ್ರ ಕೈಕೊಡುತ್ತದೆ. ಆಗ n × A × (1+r)^(n−1) ಬಳಸಬೇಕು.

ಉತ್ತರ ಸುಮಾರು 92 ಲಕ್ಷ. ಕಂತು ಏರಿಸದಿದ್ದರೆ 45.5 ಲಕ್ಷ. ಜಾಹೀರಾತುಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಆದರೆ ಕಟ್ಟಿದ ಹಣ 12 ಲಕ್ಷದಿಂದ 34 ಲಕ್ಷಕ್ಕೆ, ಅಂದರೆ ಹೆಚ್ಚುಕಡಿಮೆ ಮೂರು ಪಟ್ಟು ಏರಿದೆ. ಫಲ ಮಾತ್ರ ಎರಡು ಪಟ್ಟು. ಕಾರಣ, ದೊಡ್ಡ ಕಂತುಗಳು ಬರುವುದೇ ತಡವಾಗಿ. ಮೊದಲ ವರ್ಷದ 60,000 ಕೊನೆಗೆ 5.4 ಲಕ್ಷವಾದರೆ, ಕೊನೆಯ ವರ್ಷ ಕಟ್ಟಿದ 3.67 ಲಕ್ಷ ಬರೀ 3.87 ಲಕ್ಷವಾಗುತ್ತದೆ.

ಇಪ್ಪತ್ತನೇ ವರ್ಷದ ಕಂತು ತಿಂಗಳಿಗೆ 30,580 ರೂಪಾಯಿ. ಸಂಬಳ ವರ್ಷಕ್ಕೆ ಶೇ 6ರಷ್ಟೇ ಏರುವವರಿಗೆ ಇದು ಭಾರ. ಅಂಥವರು ಏರಿಕೆಯನ್ನೂ ಶೇ 6ಕ್ಕೇ ಇಡುವುದು ಜಾಣತನ. ಬೆಲೆಗಳೂ ಶೇ 6ರಂತೆ ಏರಿದರೆ, ಆ 92 ಲಕ್ಷಕ್ಕೆ ಇಂದಿನ ಲೆಕ್ಕದಲ್ಲಿ ಸಿಗುವುದು ಸುಮಾರು 29 ಲಕ್ಷದ ಸಾಮಾನು.