ನಮ್ಮಂಥವರೇ ನಮಗೆ ಇಷ್ಟ. ಆದರೆ ನಮ್ಮಂಥವರು ಯಾರು?

ಮದುವೆಮನೆಯಲ್ಲಿ ಕೂತವರು ಒಂದು ಜೋಡಿಯನ್ನು ನೋಡಿ, ‘ಇಬ್ಬರದೂ ಒಂದೇ ಸ್ವಭಾವ, ಹೇಳಿ ಮಾಡಿಸಿದ ಜೋಡಿ’ ಎನ್ನುತ್ತಾರೆ. ಪಕ್ಕದ ಸಾಲಿನ ಇನ್ನೊಂದು ಜೋಡಿಯನ್ನು ತೋರಿಸಿ, ‘ಅವನು ಮಾತಿನ ಮಲ್ಲ, ಅವಳು ಮೌನಗೌರಿ, ಅದಕ್ಕೇ ಹೊಂದಿಕೊಂಡು ಹೋಗ್ತಾರೆ’ ಎಂದೂ ಹೇಳುತ್ತಾರೆ. ಎರಡೂ ಮಾತು ನಂಬುವಂತೆಯೇ ಇವೆ. ಆದರೆ ಇದನ್ನು ಅವರವರ ಅಭಿಪ್ರಾಯಕ್ಕೆ ಬಿಡಬೇಕಾಗಿಲ್ಲ. ಮನಶ್ಶಾಸ್ತ್ರಜ್ಞರು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಇದನ್ನು ಅಳೆದು ನೋಡುತ್ತ ಬಂದಿದ್ದಾರೆ. ವಿರುದ್ಧ ಸ್ವಭಾವದವರು ಒಬ್ಬರನ್ನೊಬ್ಬರು ಸೆಳೆಯುತ್ತಾರೆ ಎಂಬುದಕ್ಕೆ ಅವರಿಗೆ ಸಿಕ್ಕ ಪುರಾವೆ ತೀರಾ ಕಡಿಮೆ. ಹೋಲಿಕೆ ಸೆಳೆಯುತ್ತದೆ ಎಂಬುದಕ್ಕೆ ಪುರಾವೆ ಹೇರಳವಾಗಿದೆ. ಆದರೆ ಆ ಹೋಲಿಕೆ ಇಬ್ಬರ ನಡುವೆ ನಿಜವಾಗಿ ಇರುವಂಥದೋ, ನಮ್ಮ ಮನಸ್ಸು ಕಂಡುಕೊಳ್ಳುವಂಥದೋ ಎಂದು ಕೇಳಿದಾಗ ಸಿಗುವ ಉತ್ತರವೇ ಹೆಚ್ಚು ಕುತೂಹಲದ್ದು.

‘ವಿರುದ್ಧ’ದ ವಾದಕ್ಕೆ ಶಾಸ್ತ್ರದ ಬೆಂಬಲ ಕೊಡಲು ಹೊರಟವರು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವಿಂಚ್. ನಮ್ಮಲ್ಲಿಲ್ಲದ್ದನ್ನು ತುಂಬಿಕೊಡುವವರನ್ನೇ ನಾವು ಆರಿಸಿಕೊಳ್ಳುತ್ತೇವೆ, ಆಳಬೇಕೆನ್ನುವವರಿಗೆ ಅನುಸರಿಸುವವರು ಬೇಕು ಎಂದು 1950ರ ದಶಕದಲ್ಲಿ ಅವರು ವಾದಿಸಿದರು. ಅವರ ಆಧಾರ 25 ದಂಪತಿಗಳ ಅಧ್ಯಯನವಷ್ಟೇ. ಬೇರೆಯವರು ಅದನ್ನು ಮತ್ತೆ ಪರೀಕ್ಷಿಸಿದಾಗ ಅಂಥ ಫಲಿತಾಂಶ ಗಟ್ಟಿಯಾಗಿ ಸಿಗಲಿಲ್ಲ.

ಇಲ್ಲದ ಮನುಷ್ಯನ ಉತ್ತರಪತ್ರಿಕೆ

1961ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಡಾನ್ ಬರ್ನ್ ಒಂದು ಪ್ರಯೋಗ ಪ್ರಕಟಿಸಿದರು. ದೇವರು, ಜನಾಂಗಗಳ ಬೆರಕೆಯಂಥ ಗಂಭೀರ ವಿಷಯಗಳಿಂದ ಹಿಡಿದು ಸಂಗೀತ, ಟಿವಿ ಕಾರ್ಯಕ್ರಮಗಳವರೆಗೆ ಒಟ್ಟು 26 ವಿಷಯಗಳ ಬಗ್ಗೆ ವಿದ್ಯಾರ್ಥಿಗಳ ಅಭಿಪ್ರಾಯ ಬರೆಸಿಕೊಂಡರು. ಕೆಲವು ದಿನಗಳಾದ ಮೇಲೆ, ‘ಇದು ಇನ್ನೊಬ್ಬ ವಿದ್ಯಾರ್ಥಿ ತುಂಬಿದ್ದು’ ಎಂದು ಒಂದು ಪತ್ರಿಕೆ ಕೊಟ್ಟರು. ನಿಜವಾಗಿ ಅಂಥ ವಿದ್ಯಾರ್ಥಿ ಇರಲೇ ಇಲ್ಲ. ಓದುವವರ ಉತ್ತರಗಳನ್ನು ಮುಂದಿಟ್ಟುಕೊಂಡು, ಕೆಲವರಿಗೆ ಪೂರ್ತಿ ಒಪ್ಪುವಂತೆ, ಕೆಲವರಿಗೆ ಪೂರ್ತಿ ವಿರುದ್ಧವಾಗಿ ಪ್ರಯೋಗಕಾರರೇ ಅದನ್ನು ತುಂಬಿದ್ದರು. ಹೆಸರಿಲ್ಲ, ಮುಖವಿಲ್ಲ, ದನಿಯಿಲ್ಲ. ಈ ವ್ಯಕ್ತಿ ನಿಮಗೆ ಎಷ್ಟು ಇಷ್ಟವಾದ, ಇವನ ಜೊತೆ ಕೆಲಸ ಮಾಡಲು ಎಷ್ಟು ಒಪ್ಪುತ್ತೀರಿ ಎಂಬ ಎರಡು ಪ್ರಶ್ನೆಗಳಿಗೆ ತಲಾ 7ರವರೆಗೆ ಅಂಕ ಕೊಡಬೇಕಿತ್ತು. ಹಾಗಾಗಿ ಒಟ್ಟು ಅಂಕ 2ರಿಂದ 14ರೊಳಗೆ ಬರುತ್ತದೆ.

ತನ್ನಂತೆ ಉತ್ತರಿಸಿದ ಅಪರಿಚಿತನಿಗೆ ಒಳ್ಳೆಯ ಅಂಕ ಬಂತು, ವಿರುದ್ಧವಾಗಿ ಉತ್ತರಿಸಿದವನಿಗೆ ಬರಲಿಲ್ಲ. 1965ರಲ್ಲಿ ಬರ್ನ್ ಮತ್ತು ಡಾನ್ ನೆಲ್ಸನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಷ್ಟು ವಿಷಯಗಳಲ್ಲಿ ಒಮ್ಮತವಿದೆ ಎನ್ನುವುದಕ್ಕಿಂತ ಎಷ್ಟು ಪಾಲು ಒಮ್ಮತವಿದೆ ಎನ್ನುವುದೇ ಮುಖ್ಯ ಎಂದು ತೋರಿಸಿದರು. ಅವರು ಕೊಟ್ಟ ಸೂತ್ರ ಸರಳ: ಒಮ್ಮತದ ಪಾಲನ್ನು 5.44ರಿಂದ ಗುಣಿಸಿ 6.62 ಕೂಡಿಸಿ. ಒಬ್ಬ ಅಪರಿಚಿತನ 4 ಉತ್ತರ ನೋಡಿದಿರಿ, ನಾಲ್ಕೂ ನಿಮ್ಮವೇ ಎಂದುಕೊಳ್ಳಿ. ಪಾಲು 1, ನಿರೀಕ್ಷಿತ ಅಂಕ 12.06. ಇನ್ನೊಬ್ಬನ 48 ಉತ್ತರಗಳಲ್ಲಿ 16 ನಿಮ್ಮವು. ಒಪ್ಪಿದ ವಿಷಯಗಳು ನಾಲ್ಕು ಪಟ್ಟು ಹೆಚ್ಚಿದ್ದರೂ ಪಾಲು ಮೂರರಲ್ಲಿ ಒಂದಷ್ಟೇ, ಅಂಕ ಸುಮಾರು 8.43. ಅಂದರೆ ಒಬ್ಬರ ಬಗ್ಗೆ ಸ್ವಲ್ಪವೇ ಗೊತ್ತಿದ್ದು, ಅದಷ್ಟೂ ನಮಗೆ ಹೊಂದಿದರೆ ಅವರು ತುಂಬ ಹಿಡಿಸುತ್ತಾರೆ. ಪರಿಚಯದ ಮೊದಲ ದಿನಗಳ ಉತ್ಸಾಹಕ್ಕೆ ಇದೂ ಒಂದು ಕಾರಣವಿರಬಹುದು.

ಎದುರುಬದುರು ಕೂತಾಗ

ಆದರೆ ಕಾಗದದ ಮೇಲಿನ ಅಪರಿಚಿತನ ಬಗ್ಗೆ ನಮಗೆ ಗೊತ್ತಿರುವುದು ಅವನ ಅಭಿಪ್ರಾಯ ಮಾತ್ರ. ನಿಜವಾದ ಮನುಷ್ಯರು ನಗುತ್ತಾರೆ, ಮಾತಿಗೆ ಕಿವಿಗೊಡುತ್ತಾರೆ ಅಥವಾ ನಡುವೆ ಬಾಯಿ ಹಾಕುತ್ತಾರೆ. ಮ್ಯಾಥ್ಯೂ ಮೊಂಟೋಯಾ ಮತ್ತು ಸಂಗಡಿಗರು 2008ರಲ್ಲಿ, ಅಲ್ಲಿಯವರೆಗಿನ 313 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಮುಖವನ್ನೇ ನೋಡದ ಪ್ರಯೋಗಗಳಲ್ಲಿ ನಿಜವಾದ ಹೋಲಿಕೆಯ ಪ್ರಭಾವ ದೊಡ್ಡದಾಗಿಯೇ ಇತ್ತು. ಸ್ವಲ್ಪ ಹೊತ್ತು ಕೂತು ಮಾತಾಡಿದವರಲ್ಲಿ ಅದು ಇಳಿಯಿತು. ಆಗಲೇ ಸಂಬಂಧದಲ್ಲಿರುವವರಲ್ಲಿ ಅದು ಕಾಣದಷ್ಟು ಸಣ್ಣದಾಯಿತು. ಆದರೆ ‘ಇವರು ನನ್ನಂಥವರು’ ಎಂಬ ಭಾವನೆಯ ಪ್ರಭಾವ ಮೂರೂ ಕಡೆ ಉಳಿದುಕೊಂಡಿತ್ತು.

ಇದರಿಂದ ನಿಜವಾದ ಹೋಲಿಕೆಗೆ ಬೆಲೆಯೇ ಇಲ್ಲ ಎಂದು ಹೇಳುವಂತಿಲ್ಲ. ತೀರಾ ಹೊಂದದವರು ಜೋಡಿಯಾಗುವ ಮೊದಲೇ ದೂರ ಸರಿದಿರುತ್ತಾರೆ. ಉಳಿದ ಜೋಡಿಗಳನ್ನು ಮಾತ್ರ ಅಳೆದಾಗ ವ್ಯತ್ಯಾಸ ಕಡಿಮೆ ಕಾಣುವುದು ಸಹಜ. ಆದರೆ ಹೊಸದಾಗಿ ಭೇಟಿಯಾಗುವವರಲ್ಲೂ ಇದೇ ಚಿತ್ರ ಕಂಡಿದೆ. ನಾಲ್ಕು ನಿಮಿಷ ಮಾತಾಡಿ ಮುಂದಿನ ಕುರ್ಚಿಗೆ ಸರಿಯುವ ಸ್ಪೀಡ್ ಡೇಟಿಂಗ್‌ನಲ್ಲಿ ಟಿಡ್‌ವೆಲ್, ಈಸ್ಟ್‌ವಿಕ್ ಮತ್ತು ಫಿಂಕೆಲ್ ಇದನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಇಬ್ಬರ ಗುಣಗಳು ನಿಜವಾಗಿ ಎಷ್ಟು ಹೋಲುತ್ತವೆ ಎಂಬುದರಿಂದ ಯಾರು ಯಾರಿಗೆ ಹಿಡಿಸುತ್ತಾರೆಂದು ಹೇಳಲಾಗಲಿಲ್ಲ. ‘ನಮ್ಮಿಬ್ಬರಲ್ಲಿ ತುಂಬ ಹೋಲಿಕೆಯಿದೆ’ ಎಂದು ಅನ್ನಿಸಿದ್ದೇ ಆಕರ್ಷಣೆಯ ಜೊತೆ ಹೆಣೆದುಕೊಂಡಿತ್ತು.

ಇಲ್ಲಿ ಕಾರಣ ಯಾವುದು, ಫಲ ಯಾವುದು? ಹೋಲುತ್ತಾರೆ ಎಂದು ಇಷ್ಟಪಡುತ್ತೇವೆಯೋ, ಇಷ್ಟವಾದ್ದರಿಂದ ಹೋಲಿಕೆ ಕಾಣುತ್ತೇವೆಯೋ? ಎರಡೂ ನಡೆಯುತ್ತವೆ ಎಂದೇ ತೋರುತ್ತದೆ. ಡ್ರೈಯರ್ ಮತ್ತು ಹೊರೊವಿಟ್ಜ್ 1997ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಮುಂದಾಳಾಗಿ ನಡೆದುಕೊಳ್ಳುವವರಿಗೆ ಅನುಸರಿಸುವವರ ಜೊತೆ, ಅನುಸರಿಸುವವರಿಗೆ ಮುಂದಾಳುಗಳ ಜೊತೆ ಮಾತುಕತೆ ಹೆಚ್ಚು ತೃಪ್ತಿ ಕೊಟ್ಟಿತ್ತು. ಇದು ವಿಂಚ್ ಅವರ ವಾದಕ್ಕೆ ಹತ್ತಿರವಾದದ್ದು. ವಿರುದ್ಧದ ಪರವಾಗಿ ಇರುವ ಕೆಲವೇ ಪುರಾವೆಗಳಲ್ಲಿ ಒಂದು. ಆದರೆ ತೃಪ್ತಿಪಟ್ಟವರು ತಮ್ಮ ಎದುರಿನವರನ್ನು ವಿರುದ್ಧ ಸ್ವಭಾವದವರೆಂದು ಕಾಣಲಿಲ್ಲ, ‘ನನ್ನಂಥವರೇ’ ಎಂದು ಕಂಡರು.

ವಿರುದ್ಧ ಜೋಡಿಗಳು ಎಲ್ಲೆಲ್ಲೂ ಕಾಣುವುದೇಕೆ?

ಹಾಗಿದ್ದರೆ ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’ ಎನ್ನುವಂಥ ಜೋಡಿಗಳು ಪ್ರತಿ ಬೀದಿಯಲ್ಲೂ ಸಿಗುವುದು ಹೇಗೆ? ಇದಕ್ಕೆ ಉತ್ತರ ಲೆಕ್ಕದಲ್ಲಿದೆ.

ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ತಂಡವೊಂದು 2023ರಲ್ಲಿ, ಸುಮಾರು ನೂರು ವರ್ಷಗಳ 199 ಅಧ್ಯಯನಗಳನ್ನು ಕೂಡಿಸಿ ಜೋಡಿಗಳ ಹೋಲಿಕೆಯನ್ನು ಅಳೆಯಿತು. ಈ ಅಳತೆಯಲ್ಲಿ ಸೊನ್ನೆ ಎಂದರೆ ಯಾವ ಸಂಬಂಧವೂ ಇಲ್ಲ, 1 ಎಂದರೆ ಪೂರ್ಣ ಹೋಲಿಕೆ. ರಾಜಕೀಯ ನಿಲುವಿನಲ್ಲಿ ಹೋಲಿಕೆ 0.58ರಷ್ಟಿತ್ತು. ಓದು ಮತ್ತು ಧಾರ್ಮಿಕ ನಿಲುವಿನಲ್ಲೂ ಎತ್ತರದಲ್ಲೇ ಇತ್ತು. ಆದರೆ ಜನರೊಡನೆ ಬೆರೆಯುವ ಸ್ವಭಾವದಲ್ಲಿ ಕೇವಲ 0.08.

ಈಗ ಒಂದು ಊರಿನ ಗಂಡಸರನ್ನೂ ಹೆಂಗಸರನ್ನೂ ‘ಹೆಚ್ಚು ಬೆರೆಯುವವರು’, ‘ಕಡಿಮೆ ಬೆರೆಯುವವರು’ ಎಂದು ಅರ್ಧರ್ಧ ಭಾಗ ಮಾಡಿ. ಚೀಟಿ ಎತ್ತಿ ಜೋಡಿ ಮಾಡಿದರೂ 100ರಲ್ಲಿ 50 ಜೋಡಿಗಳು ವಿರುದ್ಧವಾಗಿರುತ್ತವೆ. ಈ ಗುಣ ಜನರಲ್ಲಿ ಸಾಮಾನ್ಯ ರೀತಿಯಲ್ಲಿ ಹರಡಿದೆ ಎಂದಿಟ್ಟುಕೊಂಡರೆ, 0.08 ಹೋಲಿಕೆಯಿದ್ದಾಗ ಆ ಸಂಖ್ಯೆ ಸುಮಾರು 47ಕ್ಕೆ ಇಳಿಯುತ್ತದೆ, ಅಷ್ಟೇ. ಹಾಗಾಗಿ ಹೆಚ್ಚುಕಡಿಮೆ ಎರಡರಲ್ಲಿ ಒಂದು ಜೋಡಿ ನಮಗೆ ‘ವಿರುದ್ಧ’ವಾಗಿಯೇ ಕಾಣುತ್ತದೆ. ಅವರನ್ನು ವೈರುಧ್ಯ ಸೆಳೆದಿದ್ದರೆ ಈ ಸಂಖ್ಯೆ 50ನ್ನು ದಾಟಬೇಕಿತ್ತು. ಅದೇ ರಾಜಕೀಯ ನಿಲುವನ್ನು ಹೀಗೆ ಭಾಗ ಮಾಡಿದರೆ ವಿರುದ್ಧ ಜೋಡಿಗಳು ಸುಮಾರು 30 ಮಾತ್ರ. ಮಾತುಗಾರ ಗಂಡ, ಮಿತಭಾಷಿ ಹೆಂಡತಿ ಎಂಬ ವ್ಯತ್ಯಾಸ ನೆಂಟರ ಕಣ್ಣಿಗೆ ತಕ್ಷಣ ಬೀಳುತ್ತದೆ. ಇಬ್ಬರೂ ಒಂದೇ ಮಟ್ಟಕ್ಕೆ ಓದಿದವರು, ಒಂದೇ ಬಗೆಯ ನಂಬಿಕೆಯವರು ಎಂಬುದನ್ನು ಯಾರೂ ಎತ್ತಿ ಆಡುವುದಿಲ್ಲ.

ಅದೇ ತಂಡ ಬ್ರಿಟನ್ನಿನ ಸುಮಾರು 80,000 ಜೋಡಿಗಳ 133 ಗುಣಗಳನ್ನೂ ನೋಡಿತು. ನಿಜಕ್ಕೂ ವಿರುದ್ಧ ದಿಕ್ಕಿಗೆ ವಾಲಿದ್ದು ಬೆರಳೆಣಿಕೆಯಷ್ಟು. ಬೇಗ ಏಳುವವರಿಗೆ ರಾತ್ರಿ ತಡವಾಗಿ ಮಲಗುವವರು ಜೋಡಿಯಾಗುವುದು ಅದರಲ್ಲೊಂದು, ಅದೂ ಅತಿ ಸಣ್ಣ ಪ್ರಮಾಣದಲ್ಲಿ.

ಹೋಲಿಕೆ ಹೆಚ್ಚಿದೆ ಎಂದ ಮಾತ್ರಕ್ಕೆ ಅದನ್ನು ಆಕರ್ಷಣೆಯೇ ತಂದಿತು ಎನ್ನಲಾಗದು. ಕಾಲೇಜಿನಲ್ಲಿ ಭೇಟಿಯಾದವರ ಓದು ಒಂದೇ ಆಗಿರುವುದು ಸಹಜ. ನಮ್ಮ ದೇಶದಲ್ಲಂತೂ ಹೋಲಿಕೆಯನ್ನು ಮೊದಲೇ ಗೊತ್ತುಮಾಡಿರುತ್ತಾರೆ. ವಧುವರರ ಜಾಹೀರಾತಿನಲ್ಲಿ ಜಾತಿ, ಒಳಪಂಗಡ ಒಂದೇ ಇರಬೇಕು, ಗೋತ್ರ ಅಥವಾ ಬೆಡಗು ಮಾತ್ರ ಬೇರೆ. ಕೋಲ್ಕತ್ತದ ಪತ್ರಿಕಾ ಜಾಹೀರಾತುಗಳನ್ನು ಹಿಡಿದು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತಿತರ ಅರ್ಥಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಸ್ವಜಾತಿಯ ಒಲವು ಬಹಳ ಬಲವಾಗಿತ್ತು. ಅಂಥ ಹೋಲಿಕೆ ಇಬ್ಬರ ನಡುವಿನ ಸೆಳೆತವಲ್ಲ, ಇಬ್ಬರೂ ಭೇಟಿಯಾಗುವ ಮೊದಲೇ ಹಾಕಿದ ಬೇಲಿ. ಜಾತಿಯೊಳಗಿನ ಮದುವೆಯನ್ನು ‘ಮನುಷ್ಯ ಸ್ವಭಾವ’ ಎಂದು ಸಮರ್ಥಿಸಲು ಈ ಸಂಶೋಧನೆಯನ್ನು ಬಳಸುವುದು ತಪ್ಪು.

ಕೂಡಿ ಬಾಳುವಾಗ

ಒಂದಾದ ಮೇಲೆ ಸ್ವಭಾವದ ಹೋಲಿಕೆ ಎಷ್ಟು ಮುಖ್ಯ? ಆಸ್ಟ್ರೇಲಿಯಾ, ಬ್ರಿಟನ್ ಮತ್ತು ಜರ್ಮನಿಯ ಸಾವಿರಾರು ದಂಪತಿಗಳ ಮಾಹಿತಿಯನ್ನು ಡೈರೆನ್‌ಫೋರ್ತ್ ಮತ್ತು ಸಂಗಡಿಗರು 2010ರಲ್ಲಿ ವಿಶ್ಲೇಷಿಸಿದರು. ದಾಂಪತ್ಯದ ತೃಪ್ತಿಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ, ಅವರವರ ಸ್ವಂತ ಸ್ವಭಾವ ವಿವರಿಸುವುದು ಶೇ. 6ರಷ್ಟು. ಸಂಗಾತಿಯ ಸ್ವಭಾವ ವಿವರಿಸುವುದು ಅದಕ್ಕಿಂತ ಕಡಿಮೆ. ಇಬ್ಬರ ಸ್ವಭಾವ ಹೋಲುವುದರಿಂದ ಹೆಚ್ಚುವರಿಯಾಗಿ ಸಿಕ್ಕಿದ್ದು ಶೇ. ಅರ್ಧಕ್ಕೂ ಕಡಿಮೆ.

ಇದರ ಅರ್ಥ ಸ್ಪಷ್ಟ. ಇಬ್ಬರೂ ಸಿಡುಕರಾಗಿದ್ದರೆ ಅವರು ಪರಸ್ಪರ ಹೋಲುತ್ತಾರೆ, ಆದರೆ ಆ ಹೋಲಿಕೆಯಿಂದ ಮನೆ ತಣ್ಣಗಾಗುವುದಿಲ್ಲ. ಒಬ್ಬರಾದರೂ ಸಮಾಧಾನಿಯಾಗಿದ್ದರೆ ಲಾಭ. ಇಬ್ಬರೂ ಆಗಿದ್ದರೆ ಇನ್ನೂ ಹೆಚ್ಚು ಲಾಭ. ಆ ಲಾಭ ಬರುವುದು ಸಮಾಧಾನದಿಂದ, ಹೋಲಿಕೆಯಿಂದಲ್ಲ. ಹೆಣ್ಣೋ ಗಂಡೋ ನೋಡಲು ಹೊರಟವರು ‘ಇಬ್ಬರಿಗೂ ಪ್ರವಾಸ ಇಷ್ಟವಂತೆ, ಇಬ್ಬರಿಗೂ ಹಳೆಯ ಹಾಡು ಇಷ್ಟವಂತೆ’ ಎಂದು ಪಟ್ಟಿ ಮಾಡುವುದಕ್ಕಿಂತ, ಎದುರಿಗಿರುವವರು ಸಿಟ್ಟು ಬಂದಾಗ ಹೇಗೆ ನಡೆದುಕೊಳ್ಳುತ್ತಾರೆ, ತಪ್ಪಾದಾಗ ಏನು ಹೇಳುತ್ತಾರೆ ಎಂದು ವಿಚಾರಿಸುವುದು ಮೇಲು. ‘ನೀವಿಬ್ಬರೂ ಶೇ. 90 ಹೊಂದುತ್ತೀರಿ’ ಎಂದು ಭರವಸೆ ಕೊಡುವ ವಧುವರರ ತಾಣಗಳ ಅಂಕಿಗೂ ಇದೇ ಮಿತಿ. 2017ರಲ್ಲಿ ಸಮಂತಾ ಜೋಯೆಲ್ ಮತ್ತು ಸಂಗಡಿಗರು ನೂರಕ್ಕೂ ಹೆಚ್ಚು ಗುಣಗಳ ಮಾಹಿತಿಯನ್ನು ಕಂಪ್ಯೂಟರಿಗೆ ಕೊಟ್ಟು ಲೆಕ್ಕ ಹಾಕಿಸಿದರು. ಯಾರು ಎಲ್ಲರಿಗೂ ಹೆಚ್ಚು ಇಷ್ಟವಾಗುತ್ತಾರೆ, ಯಾರು ಎಲ್ಲರನ್ನೂ ಸುಲಭವಾಗಿ ಇಷ್ಟಪಡುತ್ತಾರೆ ಎಂಬುದನ್ನು ಅದು ಸ್ವಲ್ಪಮಟ್ಟಿಗೆ ಹೇಳಿತು. ಆದರೆ ಇಂಥವರಿಗೆ ಇಂಥವರೇ ವಿಶೇಷವಾಗಿ ಹಿಡಿಸುತ್ತಾರೆ ಎಂಬುದನ್ನು, ಅವರಿಬ್ಬರೂ ಭೇಟಿಯಾಗುವ ಮೊದಲು, ಹೇಳಲಾಗಲಿಲ್ಲ. ಆದ್ದರಿಂದ ಬಯೋಡೇಟಾ ಹೊಂದಿತೆಂದು ಮಾತು ಮುಗಿಸಬೇಡಿ, ಹೊಂದಲಿಲ್ಲವೆಂದು ಬಾಗಿಲು ಹಾಕಲೂ ಬೇಡಿ. ಇಬ್ಬರೂ ಕೂತು ಮಾತಾಡಲಿ, ಒಂದಲ್ಲ, ಹಲವು ಸಲ.