ಫ್ಯಾಮಿಲಿ ಗ್ರೂಪಿನಲ್ಲಿ ನೋಯಿಸುವ ತಮಾಷೆಗೆ ಉತ್ತರ

ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರ ಮೈಕಟ್ಟು, ಬಣ್ಣ ಅಥವಾ ಕೆಲಸದ ಬಗ್ಗೆ ಬರುವ ಹಾಸ್ಯ ಎದುರಿಗೆ ಆಡಿದ ಮಾತಿಗಿಂತ ಹೆಚ್ಚು ಚುಚ್ಚುತ್ತದೆ. ಊಟದ ಪಂಕ್ತಿಯಲ್ಲಿ ಆಡಿದ ಮಾತು ಅಲ್ಲಿದ್ದ ನಾಲ್ಕು ಜನರ ಕಿವಿಗೆ ಬಿದ್ದು ಮರೆಯಾಗುತ್ತದೆ. ಗ್ರೂಪಿನ ಮಾತು ಹಾಗಲ್ಲ. ಅತ್ತೆ, ಮಾವ, ಭಾವ, ನಾದಿನಿ, ಹೊಸದಾಗಿ ಸೇರಿದ ಬೀಗರು ಎಲ್ಲರೂ ತಮಗೆ ಬಿಡುವಾದಾಗ ಅದನ್ನು ಓದುತ್ತಾರೆ, ನಗುವ ಇಮೋಜಿ ಒತ್ತುತ್ತಾರೆ. ಹೇಳಿದವರು ಒಬ್ಬರೇ ಆದರೂ ನಕ್ಕವರ ಪಟ್ಟಿ ಸಂಜೆಯವರೆಗೂ ಬೆಳೆಯುತ್ತದೆ.

ಒಂದು ಉದಾಹರಣೆ ನೋಡಬಹುದು. ಸಾಫ್ಟ್‌ವೇರ್ ಕೆಲಸ ಬಿಟ್ಟು ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಯುವಕನೊಬ್ಬ ಗಣೇಶನ ಹಬ್ಬದ ದಿನ ಗ್ರೂಪಿಗೆ ಪೂಜೆಯ ಫೋಟೋ ಹಾಕುತ್ತಾನೆ. ಅದರ ಕೆಳಗೆ ದೊಡ್ಡಪ್ಪ ಬರೆಯುತ್ತಾರೆ: "ಏನಪ್ಪಾ ಡಿಸಿ ಸಾಹೇಬ್ರೇ, ಅಪ್ಪನ ಪೆನ್ಶನ್ ಖರ್ಚಾಗೋದ್ರೊಳಗೆ ಪೋಸ್ಟಿಂಗ್ ಸಿಗುತ್ತಾ?" ಸ್ವಲ್ಪ ಹೊತ್ತಿನಲ್ಲೇ ಐದಾರು ಜನ ನಗುತ್ತಾರೆ.

ಆಗ ಆತನಿಗೆ ತಕ್ಷಣ ತೋಚುವ ದಾರಿಗಳು ಮೂರು. ಮೊದಲನೆಯದು, ತಾನೂ ಒಂದು ನಗುವ ಇಮೋಜಿ ಹಾಕುವುದು. ಇದರಿಂದ ಆ ಹೊತ್ತಿನ ಮುಜುಗರ ಕಳೆಯುತ್ತದೆ. ಆದರೆ ಓದಿದವರೆಲ್ಲರೂ ಆತನಿಗೆ ಬೇಸರವಿಲ್ಲ ಎಂದುಕೊಳ್ಳುವುದರಿಂದ ಮುಂದಿನ ಹಬ್ಬಕ್ಕೂ ಅದೇ ಹಾಸ್ಯ ಬರುತ್ತದೆ. ಎರಡನೆಯದು, ದೊಡ್ಡಪ್ಪನ ಮಗನ ಸಾಲವನ್ನೋ ಸೊಸೆಯ ಜಗಳವನ್ನೋ ಎತ್ತಿ ಆಡಿ ತಿರುಗೇಟು ಕೊಡುವುದು. ಆ ಕ್ಷಣದಿಂದ ಚರ್ಚೆ "ಹಿರಿಯರಿಗೆ ಎದುರು ಮಾತಾಡಿದ" ಎಂಬುದರ ಸುತ್ತಲೇ ತಿರುಗುತ್ತದೆ, ಮೊದಲ ಮಾತು ಮರೆತೇ ಹೋಗುತ್ತದೆ. ಮೂರನೆಯದು, ಪರೀಕ್ಷೆ ಯಾಕೆ ತಡವಾಯಿತು, ಉಳಿತಾಯ ಎಷ್ಟಿದೆ ಎಂದು ಉದ್ದದ ವಿವರಣೆ ಬರೆಯುವುದು. ವಿವರಣೆ ಕೊಟ್ಟ ಕೂಡಲೇ, ಲೆಕ್ಕ ಕೇಳುವ ಹಕ್ಕು ಇಡೀ ಗ್ರೂಪಿಗೆ ಇದೆ ಎಂದು ಒಪ್ಪಿಕೊಂಡಂತಾಗುತ್ತದೆ.

ಇವುಗಳಿಗಿಂತ ಚಿಕ್ಕದೊಂದು ನೇರ ಉತ್ತರ ಹೆಚ್ಚು ಕೆಲಸ ಮಾಡುತ್ತದೆ: "ದೊಡ್ಡಪ್ಪ, ನನ್ನ ಓದು, ಅಪ್ಪನ ಪೆನ್ಶನ್ ಬಗ್ಗೆ ಗ್ರೂಪಲ್ಲಿ ತಮಾಷೆ ಬೇಡ, ನನಗೆ ಬೇಜಾರಾಗುತ್ತೆ. ಸಂಜೆ ನಾನೇ ಫೋನ್ ಮಾಡ್ತೀನಿ." ಇಲ್ಲಿ ಸಂಬಂಧದ ಹೆಸರು ಹಿಡಿದು ಕರೆದದ್ದರಿಂದ ಮರ್ಯಾದೆ ಉಳಿದಿದೆ. ಯಾವ ಮಾತು ಬೇಡ ಎಂಬುದು ಸ್ಪಷ್ಟವಾಗಿದೆ. "ನೀವು ಯಾವಾಗಲೂ ಹೀಗೇ" ಎಂಬ ಆರೋಪವಿಲ್ಲ. ಉಳಿದ ಮಾತು ಫೋನಿಗೆ ಹೋಗಿರುವುದರಿಂದ ಹಿರಿಯರು ನಲವತ್ತು ಜನರ ಮುಂದೆ ತಲೆತಗ್ಗಿಸಬೇಕಾಗಿಲ್ಲ.

ಉತ್ತರ ಬರೆಯುವ ಹೊತ್ತೂ ಮುಖ್ಯ. ಸಿಟ್ಟಿನ ಮೊದಲ ಐದು ನಿಮಿಷದಲ್ಲಿ ಬರೆಯದಿರುವುದು ಒಳ್ಳೆಯದು. ಹಾಗೆಂದು ಎರಡು ದಿನ ಕಾದರೆ ಗ್ರೂಪಿನಲ್ಲಿ ಬೇರೆ ಮಾತು ಬಂದು, ಹಳೆಯದನ್ನು ಕೆದಕಿದಂತೆ ಕಾಣುತ್ತದೆ. ಅದೇ ದಿನ, ಆ ಸಂದೇಶವನ್ನೇ ಆರಿಸಿ ಅದಕ್ಕೆ ಉತ್ತರಿಸಿದರೆ ಯಾವ ಮಾತಿನ ಬಗ್ಗೆ ಹೇಳುತ್ತಿದ್ದಾರೆ ಎಂಬ ಗೊಂದಲ ಇರುವುದಿಲ್ಲ.

ರೂಪದ ಬಗೆಗಿನ ಮಾತಿಗೆ ಉತ್ತರ ಇನ್ನೂ ಚಿಕ್ಕದಿರಬೇಕು. ಬಾಣಂತನ ಮುಗಿಸಿದ ಹೆಣ್ಣುಮಗಳ ಫೋಟೋ ನೋಡಿ "ಪೂರಿ ಥರ ಉಬ್ಬಿದ್ದೀಯಲ್ಲೇ" ಎಂದು ಸೋದರತ್ತೆ ಬರೆದರೆ ಥೈರಾಯ್ಡ್, ಔಷಧಿ, ನಿದ್ದೆ ಎಂದು ಕಾರಣ ಕೊಡಬೇಕಾಗಿಲ್ಲ. ಕಾರಣ ಕೊಟ್ಟರೆ ಕಷಾಯ, ಪಥ್ಯ, ವಾಕಿಂಗ್ ಎಂದು ಸಲಹೆಗಳ ಸಾಲು ಶುರುವಾಗುತ್ತದೆ. "ಅತ್ತೆ, ನನ್ನ ಮೈ ಬಗ್ಗೆ ಮಾತು ಬೇಡ. ಪಾಪು ಹೇಗಿದಾಳೆ ಹೇಳಿ" ಎಂದರೆ ಸಾಕು.

ಇಂಥ ಉತ್ತರಕ್ಕೆ ಸಾಮಾನ್ಯವಾಗಿ ಬರುವ ಮರುಮಾತು "ತಮಾಷೆಗೆ ಹೇಳಿದ್ದು, ಅದನ್ನೇ ಸೀರಿಯಸ್ಸಾಗಿ ತಗೊಂಡ್ಯಾ?" ಎಂಬುದು. ಅದಕ್ಕೆ "ತಮಾಷೆಗೆ ಅಂತ ಗೊತ್ತು, ಆದ್ರೂ ನೋವಾಯ್ತು" ಎಂದು ಒಮ್ಮೆ ಹೇಳಿ ನಿಲ್ಲಿಸಬೇಕು. ಮೂರನೆಯ ಉತ್ತರದಿಂದ ಜಗಳ ಶುರುವಾಗುತ್ತದೆ. ಸಂಜೆ ಹೇಳಿದಂತೆ ಫೋನ್ ಮಾಡಲೇಬೇಕು, ಮಾಡದಿದ್ದರೆ ಗ್ರೂಪಿನ ಮಾತು ಬರೀ ಮುನಿಸಾಗಿ ಉಳಿಯುತ್ತದೆ.

ಫೋನಿನ ನಂತರವೂ ಅದೇ ಹಾಸ್ಯ ಮರಳಿ ಬಂದರೆ ಆ ಹಿರಿಯರು ಮಾತು ಕೇಳುವ ಇನ್ನೊಬ್ಬರಿಂದ, ಅಂದರೆ ದೊಡ್ಡಮ್ಮ ಅಥವಾ ಅಜ್ಜಿಯಿಂದ ಹೇಳಿಸಬಹುದು. ಗ್ರೂಪಿನ ಅಡ್ಮಿನ್ ಬೇರೆಯವರ ಸಂದೇಶವನ್ನೂ ಎಲ್ಲರಿಗೂ ಕಾಣದಂತೆ ಅಳಿಸಬಲ್ಲರು, ಅವರನ್ನು ಕೇಳಿಕೊಳ್ಳಬಹುದು. ಅದೂ ಆಗದಿದ್ದರೆ ಗ್ರೂಪನ್ನು ಮ್ಯೂಟ್ ಮಾಡಿ ಫೋಟೋ ಹಾಕುವುದನ್ನು ನಿಲ್ಲಿಸುವುದು, ಕೊನೆಗೆ ಹೊರಬರುವುದು ಉಳಿಯುತ್ತದೆ. ಕೆಲವರು ಎಷ್ಟು ಹೇಳಿದರೂ ಬದಲಾಗುವುದಿಲ್ಲ ಎಂಬುದೂ ನಿಜ.

ನೋವಾದವರು ಒಬ್ಬರೇ ಮಾತಾಡಬೇಕಾದ ಸ್ಥಿತಿ ಬರಬಾರದು. ಅದೇ ಗ್ರೂಪಿನಲ್ಲಿರುವ ಅಣ್ಣನೋ ಚಿಕ್ಕಮ್ಮನೋ "ಅವನ ಓದಿನ ಬಗ್ಗೆ ತಮಾಷೆ ಬೇಡ ಬಿಡಿ" ಎಂದು ಒಂದು ಸಾಲು ಬರೆದರೆ ಅದಕ್ಕೆ ಹೆಚ್ಚು ತೂಕ ಬರುತ್ತದೆ. ಅಷ್ಟು ಬರೆಯಲಾಗದವರು ಕಡೇಪಕ್ಷ ನಗುವ ಇಮೋಜಿ ಒತ್ತದಿರಲಿ.