ಒಡೆದ ಡಿಸ್‌ಪ್ಲೇ: ಒಂದೇ ಹೆಸರು, ನಾಲ್ಕು ಸರಕು

ಮೊಬೈಲಿನ ಡಿಸ್‌ಪ್ಲೇ ಒಡೆದಾಗ ಅಧಿಕೃತ ಸರ್ವಿಸ್ ಸೆಂಟರ್ ಹೇಳುವ ದರಕ್ಕೂ ಬೀದಿಯ ರಿಪೇರಿ ಅಂಗಡಿ ಹೇಳುವ ದರಕ್ಕೂ ಎರಡು ಮೂರು ಪಟ್ಟು ಅಂತರ ಇರುವುದುಂಟು. ಈ ಅಂತರದಲ್ಲಿ ಕೂಲಿಯ ಪಾಲು ಕಡಿಮೆ. ಫೋನ್ ಬಿಚ್ಚಿ, ಒಡೆದದ್ದನ್ನು ತೆಗೆದು, ಹೊಸದನ್ನು ಕೂರಿಸುವ ಕೆಲಸ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ದರ ಬೇರೆಯಾಗುವುದು ಮುಖ್ಯವಾಗಿ ಕೂರಿಸುವ ವಸ್ತುವೇ ಬೇರೆಯಾಗಿರುವುದರಿಂದ. ‘ಡಿಸ್‌ಪ್ಲೇ’ ಎಂಬ ಒಂದೇ ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ಕನಿಷ್ಠ ನಾಲ್ಕು ಬಗೆಯ ಸರಕು ಓಡಾಡುತ್ತದೆ. ಯಾವುದಕ್ಕೆ ಯಾವ ದರ ಎಂಬುದು ಗೊತ್ತಾಗದೆ ದರಗಳನ್ನು ಹೋಲಿಸಿ ಪ್ರಯೋಜನವಿಲ್ಲ.

ಒಡೆದದ್ದು ಯಾವ ಪದರ?

ಫೋನಿನ ಡಿಸ್‌ಪ್ಲೇಯಲ್ಲಿ ಮೂರು ಕೆಲಸಗಳಿಗೆ ಮೂರು ಪದರಗಳಿವೆ. ಮೇಲೆ ಗಾಜು, ಅದರ ಕೆಳಗೆ ಬೆರಳಿನ ಸ್ಪರ್ಶ ಗುರುತಿಸುವ ಟಚ್, ಅದರ ಕೆಳಗೆ ಚಿತ್ರ ಮೂಡಿಸುವ ಪ್ಯಾನೆಲ್. ಈಗಿನ ಫೋನುಗಳಲ್ಲಿ ಇವೆಲ್ಲ ಪಾರದರ್ಶಕ ಅಂಟಿನಿಂದ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಎಷ್ಟೋ ಮಾದರಿಗಳಲ್ಲಿ ಟಚ್ ಪ್ಯಾನೆಲ್ಲಿನೊಳಗೇ ಅಡಗಿರುತ್ತದೆ. ಆದ್ದರಿಂದ ಸಾಮಾನ್ಯವಾಗಿ ಬದಲಾಗುವುದು ಇಡೀ ಜೋಡಣೆ. ರಿಪೇರಿ ಅಂಗಡಿಗಳ ಭಾಷೆಯಲ್ಲಿ ಇದೇ ‘ಕಾಂಬೊ’ ಅಥವಾ ‘ಫೋಲ್ಡರ್’.

ಪ್ಯಾನೆಲ್ಲಿನಲ್ಲಿ ಎರಡು ಜಾತಿ. ಎಲ್‌ಸಿಡಿಯಲ್ಲಿ ಹಿಂದುಗಡೆ ಒಂದು ದೀಪ ಸದಾ ಉರಿಯುತ್ತಿರುತ್ತದೆ, ಮುಂದಿನ ಪದರ ಆ ಬೆಳಕನ್ನು ಬೇಕಾದಷ್ಟು ಬಿಟ್ಟು ಚಿತ್ರ ಮಾಡುತ್ತದೆ. ಓಎಲ್‌ಇಡಿ ಅಥವಾ ಅಮೋಲೆಡ್‌ನಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ. ಕಪ್ಪು ಬೇಕಾದಲ್ಲಿ ಚುಕ್ಕಿ ಆರಿಯೇ ಹೋಗುತ್ತದೆ. ಕಡಿಮೆ ಬೆಲೆಯ ಫೋನುಗಳಲ್ಲಿ ಹೆಚ್ಚಾಗಿ ಎಲ್‌ಸಿಡಿ, ಅದಕ್ಕಿಂತ ಮೇಲಿನವುಗಳಲ್ಲಿ ಹೆಚ್ಚಾಗಿ ಅಮೋಲೆಡ್ ಇರುತ್ತದೆ. ಎರಡು ಕಡೆಯ ದರಗಳ ನಡುವೆ ದೊಡ್ಡ ಕಂದಕ ಕಾಣಿಸುವುದು ಅಮೋಲೆಡ್ ಫೋನುಗಳಲ್ಲಿ.

ಸರ್ವಿಸ್ ಸೆಂಟರಿನ ದರದಲ್ಲಿ ಏನೇನಿದೆ?

ಸರ್ವಿಸ್ ಸೆಂಟರಿನಲ್ಲಿ ಸಿಗುವುದು ಫೋನ್ ಕಂಪನಿಯೇ ಪೂರೈಸಿದ ಭಾಗ. ಕೆಲವು ಮಾದರಿಗಳಲ್ಲಿ ಅದು ಬರಿಯ ಡಿಸ್‌ಪ್ಲೇ ಆಗಿರುವುದಿಲ್ಲ. ಫ್ರೇಮ್ ಸಮೇತ, ಒಮ್ಮೊಮ್ಮೆ ಬ್ಯಾಟರಿಯನ್ನೂ ಅಂಟಿಸಿಕೊಂಡೇ ಬರುತ್ತದೆ. ಗ್ರಾಹಕನಿಗೆ ಗಾಜು ಮಾತ್ರ ಒಡೆದಂತೆ ಕಂಡರೂ ಬಿಲ್ ಇವೆಲ್ಲಕ್ಕೂ ಆಗುತ್ತದೆ. ಭಾಗದ ಮೇಲೂ ಕೂಲಿಯ ಮೇಲೂ ಶೇ 18 ಜಿಎಸ್‌ಟಿ ಇದೆ. ಹಲವು ಕಂಪನಿಗಳು ಬಿಡಿಭಾಗಗಳ ದರಪಟ್ಟಿಯನ್ನು ತಮ್ಮ ಜಾಲತಾಣದಲ್ಲೇ ಹಾಕಿರುತ್ತವೆ. ಆ ದರದಲ್ಲಿ ತೆರಿಗೆ ಸೇರಿದೆಯೇ, ಕೂಲಿ ಪ್ರತ್ಯೇಕವೇ ಎಂಬುದನ್ನು ಮೊದಲು ನೋಡಬೇಕು.

ದರದಲ್ಲಿ ಎದ್ದು ಕಾಣದ ಒಂದು ಅಂಶ ಹಳೆಯ ಡಿಸ್‌ಪ್ಲೇ. ಗಾಜು ಒಡೆದಿದ್ದರೂ ಚಿತ್ರ ಸರಿಯಾಗಿ ಮೂಡುವ ಅಸಲಿ ಪ್ಯಾನೆಲ್ಲಿಗೆ ಬೆಲೆಯಿದೆ. ಹೊಸ ಗಾಜು ಕೂರಿಸಿ ಮಾರುವವರು ಅದನ್ನು ಕೊಳ್ಳುತ್ತಾರೆ. ಸರ್ವಿಸ್ ಸೆಂಟರುಗಳು ಸಾಮಾನ್ಯವಾಗಿ ತೆಗೆದ ಭಾಗವನ್ನು ತಾವೇ ಇಟ್ಟುಕೊಳ್ಳುತ್ತವೆ. ಅಂಗಡಿಯಲ್ಲಾದರೆ ಅದನ್ನು ಕೇಳಿ ಪಡೆಯಬಹುದು, ಇಲ್ಲವೇ ದರದಲ್ಲಿ ಅದಕ್ಕೆ ಕಡಿತ ಕೇಳಬಹುದು.

ಅಂಗಡಿಯ ನಾಲ್ಕು ಸರಕು

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಸಗಟು ಪೇಟೆಗಳಿಂದ ಅಂಗಡಿಗಳಿಗೆ ಬರುವ ಅಮೋಲೆಡ್ ಫೋನಿನ ಡಿಸ್‌ಪ್ಲೇಗಳನ್ನು ಹೀಗೆ ಬಿಡಿಸಿ ನೋಡಬಹುದು. ಮೊದಲನೆಯದು ಕಂಪನಿಯ ಪೂರೈಕೆಯದೇ ಭಾಗ. ವ್ಯಾಪಾರಿಗಳು ಇದನ್ನು ‘ಸರ್ವಿಸ್ ಪ್ಯಾಕ್’ ಎನ್ನುತ್ತಾರೆ. ಇದರ ದರ ಸರ್ವಿಸ್ ಸೆಂಟರಿನ ದರಕ್ಕೆ ಸಮೀಪವೇ ಇರುತ್ತದೆ. ಎರಡನೆಯದು ಬೇರೆ ಫೋನಿನಿಂದ ಬಿಚ್ಚಿದ ಅಸಲಿ ಪ್ಯಾನೆಲ್, ಅಥವಾ ಅಸಲಿ ಪ್ಯಾನೆಲ್ಲಿಗೆ ಹೊಸ ಗಾಜು ಕೂರಿಸಿದ್ದು. ಬಣ್ಣ, ಬೆಳಕು ಅಸಲಿಯದೇ. ಆದರೆ ಎಷ್ಟು ದಿನ ಬಳಸಿದ್ದು ಎಂದು ತಿಳಿಯದು, ಹಿಂದಿನವರು ಬಳಸಿದ ಗುರುತುಗಳ ಛಾಯೆ ಪರದೆಯಲ್ಲಿ ಉಳಿದಿರಲೂಬಹುದು.

ಮೂರನೆಯದು ಬೇರೆ ತಯಾರಕರು ಮಾಡಿದ ಓಎಲ್‌ಇಡಿ. ಕಪ್ಪು ಕಪ್ಪಾಗಿಯೇ ಕಾಣುತ್ತದೆ, ಆದರೆ ಬಿಸಿಲಿನಲ್ಲಿ ಹೊಳಪು ಸಾಲದಿರಬಹುದು, ಅಂಚಿನ ಕಪ್ಪು ಪಟ್ಟಿ ಸ್ವಲ್ಪ ಅಗಲವಾಗಿರಬಹುದು. ನಾಲ್ಕನೆಯದು, ಎಲ್ಲಕ್ಕಿಂತ ಅಗ್ಗದ್ದು, ಅಮೋಲೆಡ್ ಜಾಗದಲ್ಲಿ ಕೂರಿಸುವ ಎಲ್‌ಸಿಡಿ. ಇದಕ್ಕೆ ‘ಇನ್‌ಸೆಲ್’ ಅಥವಾ ‘ಟಿಎಫ್‌ಟಿ’ ಎಂಬ ಹೆಸರಿದೆ. ಇಲ್ಲಿ ಬದಲಾಗುವುದು ಗುಣಮಟ್ಟವಷ್ಟೇ ಅಲ್ಲ, ತಂತ್ರಜ್ಞಾನವೇ. ಹಿಂದೀಪದ ಪದರ ಸೇರುವುದರಿಂದ ಇದು ದಪ್ಪ. ಕೆಲವೊಮ್ಮೆ ಫ್ರೇಮಿನಿಂದ ಮೇಲೆದ್ದು ನಿಲ್ಲುತ್ತದೆ. ಪರದೆಯ ಕೆಳಗೆ ಬೆರಳಚ್ಚು ಓದುವ ಫೋನಾಗಿದ್ದರೆ ಆ ಸೌಲಭ್ಯ ನಿಂತೇಹೋಗುತ್ತದೆ. ಅಂಥ ಫೋನುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಬೆಳಕಿನ ಸೆನ್ಸರ್ ಬೆರಳಿನಿಂದ ಮರಳುವ ಬೆಳಕನ್ನು ಪ್ಯಾನೆಲ್ಲಿನ ಮೂಲಕವೇ ನೋಡಬೇಕು, ಹಿಂದೀಪದ ಪದರ ಅದಕ್ಕೆ ಅಡ್ಡ ನಿಲ್ಲುತ್ತದೆ.

ಗೊಂದಲ ಹುಟ್ಟುವುದು ‘ಒರಿಜಿನಲ್’ ಎಂಬ ಮಾತಿನಿಂದ. ‘ಒರಿಜಿನಲ್ ಕ್ವಾಲಿಟಿ’ ಎಂದರೆ ವ್ಯಾಪಾರದ ಮಾತಿನಲ್ಲಿ ಬಹುತೇಕ ಒಳ್ಳೆಯ ನಕಲು ಎಂದೇ ಅರ್ಥ. “ಒರಿಜಿನಲ್ ಹೌದಾ?” ಎಂಬ ಪ್ರಶ್ನೆಗಿಂತ “ಇದು ಓಎಲ್‌ಇಡಿಯೋ ಇನ್‌ಸೆಲ್ಲೋ? ಹೊಸದೋ, ಬಿಚ್ಚಿದ್ದೋ? ಫ್ರೇಮ್ ಸಮೇತವೋ?” ಎಂಬ ಪ್ರಶ್ನೆಗಳಿಗೆ ನೇರ ಉತ್ತರ ಸಿಗುತ್ತದೆ.

ಇವಲ್ಲದೆ ಐದನೆಯ ದಾರಿಯೊಂದಿದೆ. ಚಿತ್ರ, ಟಚ್ ಎರಡೂ ಸರಿಯಿದ್ದು ಗಾಜು ಮಾತ್ರ ಬಿರಿದಿದ್ದರೆ ಗಾಜನ್ನಷ್ಟೇ ಬದಲಿಸಬಹುದು. ಡಿಸ್‌ಪ್ಲೇಯನ್ನು ಬಿಸಿ ತಟ್ಟೆಯ ಮೇಲಿಟ್ಟು, ತೆಳು ತಂತಿ ಎಳೆದು ಗಾಜು ಬಿಡಿಸಿ, ಹಳೆ ಅಂಟು ತೆಗೆದು, ಹೊಸ ಅಂಟಿನ ಹಾಳೆಯೊಂದಿಗೆ ಯಂತ್ರದಲ್ಲಿ ಒತ್ತಿ ಗುಳ್ಳೆ ಹೋಗಿಸುತ್ತಾರೆ. ಅಸಲಿ ಪ್ಯಾನೆಲ್ ಉಳಿಯುವುದು ಇದರ ಲಾಭ. ಆದರೆ ಬಿಡಿಸುವಾಗ ಪ್ಯಾನೆಲ್ಲೇ ಕೆಡುವ ಅಪಾಯವಿದೆ, ಮುಖ್ಯವಾಗಿ ಅಂಚು ಬಾಗಿದ ಪರದೆಗಳಲ್ಲಿ. ಕೆಟ್ಟರೆ ನಷ್ಟ ಯಾರದು ಎಂಬುದನ್ನು ಫೋನ್ ಕೈಗೆ ಕೊಡುವ ಮೊದಲೇ ಮಾತಾಡಿಕೊಳ್ಳಬೇಕು.

ಒಂದು ಲೆಕ್ಕ

ಎರಡು ವರ್ಷದ ಹಿಂದೆ 20,000 ರೂಪಾಯಿಗೆ ಕೊಂಡ ಅಮೋಲೆಡ್ ಫೋನೊಂದನ್ನು ತೆಗೆದುಕೊಳ್ಳೋಣ; ಇಲ್ಲಿನ ಅಂಕಿಗಳು ಲೆಕ್ಕ ತೋರಿಸಲು ಊಹಿಸಿಕೊಂಡವು. ಸರ್ವಿಸ್ ಸೆಂಟರಿನಲ್ಲಿ ಭಾಗಕ್ಕೆ 6,000, ಕೂಲಿಗೆ 400 ಎಂದಾದರೆ ಒಟ್ಟು 6,400. ಅದರ ಮೇಲೆ ಜಿಎಸ್‌ಟಿ 1,152 ಸೇರಿ 7,552 ರೂಪಾಯಿ. ಅಂಗಡಿಯಲ್ಲಿ ಬಿಚ್ಚಿದ ಅಸಲಿಗೆ 5,000, ನಕಲಿ ಓಎಲ್‌ಇಡಿಗೆ 3,800, ಇನ್‌ಸೆಲ್‌ಗೆ 2,200, ಗಾಜು ಬದಲಿಗೆ 1,500 ಎನ್ನೋಣ.

ಮೇಲ್ನೋಟಕ್ಕೆ 7,552ಕ್ಕೂ 2,200ಕ್ಕೂ ಹೋಲಿಕೆ. ಆದರೆ ಇವೆರಡೂ ಬೇರೆ ಬೇರೆ ವಸ್ತುಗಳ ದರ. ವಸ್ತು ಹತ್ತಿರ ಹತ್ತಿರ ಇರುವ ಹೋಲಿಕೆ 7,552 ಮತ್ತು 5,000 ನಡುವಿನದು. ನಿಜವಾದ ಅಂತರ 2,552. ಆ ಹಣಕ್ಕೆ ಹೊಸ ಭಾಗ, ಬಿಲ್ ಮತ್ತು ಲಿಖಿತ ವಾರಂಟಿ ಸಿಗುತ್ತವೆ. ಇನ್ನೊಂದು ಬದಿಯಿಂದಲೂ ನೋಡಬೇಕು. ಆ ಹಳೆಯ ಫೋನ್ ಮಾರಿದರೆ 8,000 ಬರುತ್ತದೆಂದರೆ, 7,552 ಹಾಕುವುದು ಅದನ್ನು ಮತ್ತೊಮ್ಮೆ ಕೊಂಡಂತೆಯೇ. ಇನ್ನಾರು ತಿಂಗಳು ಬಳಸುವ ಉದ್ದೇಶವಿದ್ದರೆ ಇನ್‌ಸೆಲ್ ಸಾಕಾಗಬಹುದು, ಬೆರಳಚ್ಚಿನ ಬದಲು ಪಿನ್ ಒತ್ತುತ್ತಾ ಇರಬೇಕಷ್ಟೆ. ಎರಡು ವರ್ಷ ಬಳಸಬೇಕಾದರೆ ಮತ್ತು ಗಾಜು ಮಾತ್ರ ಒಡೆದಿದ್ದರೆ 1,500ರ ದಾರಿಯನ್ನು ಮೊದಲು ವಿಚಾರಿಸುವುದು ಲೇಸು.

ಮೂಲದಲ್ಲೇ ಎಲ್‌ಸಿಡಿ ಇರುವ ಫೋನಿಗೆ ಈ ಲೆಕ್ಕ ಸರಳ. ಅಲ್ಲಿ ನಕಲೂ ಎಲ್‌ಸಿಡಿಯೇ ಆದ್ದರಿಂದ ವ್ಯತ್ಯಾಸ ಗಾಜಿನ ಗಟ್ಟಿತನ, ಹೊಳಪು, ಟಚ್‌ನ ಚುರುಕಿಗೆ ಸೀಮಿತ.

ಕೂರಿಸಿದ್ದು ಯಾವುದೆಂದು ತಿಳಿಯುವ ಬಗೆ

ಅಂಗಡಿಯಲ್ಲಿ ಹೊಸ ಡಿಸ್‌ಪ್ಲೇಯನ್ನು ಅಂಟಿಸುವ ಮೊದಲು ಅದರ ಪಟ್ಟಿ ಕೇಬಲನ್ನು ಬೋರ್ಡಿಗೆ ಸಿಕ್ಕಿಸಿ ಓಡಿಸಿ ನೋಡಬಹುದು. ಪರೀಕ್ಷೆಗೆ ತಕ್ಕ ಹೊತ್ತು ಅದೇ. ಪೂರ್ತಿ ಕಪ್ಪು ಚಿತ್ರವೊಂದನ್ನು ತೆರೆದು, ಹೊಳಪು ಹೆಚ್ಚಿಸಿ, ಕತ್ತಲಲ್ಲಿ ನೋಡಿದರೆ ಓಎಲ್‌ಇಡಿ ಆರಿದಂತೆ ಕಾಣುತ್ತದೆ. ಇನ್‌ಸೆಲ್ ಬೂದಿ ಬಣ್ಣದಲ್ಲಿ ಮಿನುಗುತ್ತದೆ. ಬಿಳಿ ಚಿತ್ರದಲ್ಲಿ ಕಲೆ, ಗೆರೆ, ಹಳೆಯ ಛಾಯೆ ಗೊತ್ತಾಗುತ್ತವೆ. ಸ್ಯಾಮ್‌ಸಂಗ್‌ನ ಬಹುತೇಕ ಫೋನುಗಳಲ್ಲಿ ಡಯಲರ್‌ನಲ್ಲಿ `*#0*#` ಒತ್ತಿದರೆ, ರೆಡ್‌ಮಿ ಮತ್ತು ಶಿಯೋಮಿಯಲ್ಲಿ `*#*#6484#*#*` ಒತ್ತಿದರೆ ಬಣ್ಣ ಮತ್ತು ಟಚ್ ಪರೀಕ್ಷೆಯ ಪಟ್ಟಿ ತೆರೆಯುತ್ತದೆ. ಐಫೋನ್ 11 ಮತ್ತು ಅದರ ನಂತರದ ಮಾದರಿಗಳಲ್ಲಿ Settings > General > About ಎಂಬಲ್ಲಿ ಡಿಸ್‌ಪ್ಲೇ ಮುಂದೆ Unknown Part ಎಂದು ಬಂದರೆ ಅದು ಆಪಲ್ ಭಾಗವೆಂದು ದೃಢಪಟ್ಟಿಲ್ಲ ಎಂದರ್ಥ.

ಪರೀಕ್ಷೆಗೆ ಸಿಗದ ಒಂದು ವಿಷಯ ನೀರಿನದು. ಫೋನ್ ಬಿಚ್ಚಿದಾಗ ಅಂಚಿನ ಅಂಟುಪಟ್ಟಿ ಕಿತ್ತುಹೋಗುತ್ತದೆ. ಸರ್ವಿಸ್ ಸೆಂಟರಿನಲ್ಲಿ ಅದೇ ಮಾದರಿಗೆ ಕತ್ತರಿಸಿದ ಹೊಸ ಪಟ್ಟಿ ಹಾಕುತ್ತಾರೆ. ಅಂಗಡಿಗಳಲ್ಲಿ ಹೆಚ್ಚಾಗಿ ಟ್ಯೂಬಿನ ಅಂಟು. ಅಂಗಡಿಯಲ್ಲಿ ಬಿಚ್ಚಿದ ಫೋನಿಗೆ ನೀರಿನ ರಕ್ಷಣೆ ಉಳಿದಿಲ್ಲವೆಂದೇ ತಿಳಿದು ನಡೆದುಕೊಳ್ಳುವುದು ಕ್ಷೇಮ.

ವಾರಂಟಿ ಯಾವುದಕ್ಕೆ?

ಬಿದ್ದು ಒಡೆದ ಡಿಸ್‌ಪ್ಲೇಗೆ ಫೋನಿನ ಒಂದು ವರ್ಷದ ವಾರಂಟಿ ಅನ್ವಯಿಸದು. ಆದರೆ ಬದಲಿಸಿದ ಭಾಗಕ್ಕೆ ಸರ್ವಿಸ್ ಸೆಂಟರ್ ಬೇರೆಯದೇ ವಾರಂಟಿ ಕೊಡುತ್ತದೆ, ಸಾಮಾನ್ಯವಾಗಿ ಮೂರು ತಿಂಗಳು. ಆಪಲ್‌ನಲ್ಲಿ ಇದು 90 ದಿನ ಅಥವಾ ಫೋನಿನ ಉಳಿದ ವಾರಂಟಿ, ಯಾವುದು ಹೆಚ್ಚೋ ಅದು. ಫೋನಿನ ವಾರಂಟಿ ಇನ್ನೂ ಉಳಿದಿರುವಾಗ ಅಂಗಡಿಯಲ್ಲಿ ಬಿಚ್ಚಿಸಿದರೆ, ಮುಂದೆ ಬೇರೆ ದೋಷ ಬಂದಾಗ ಕಂಪನಿ ತಕರಾರು ತೆಗೆಯಬಹುದು. ಡಿಸ್‌ಪ್ಲೇ ವಿಮೆ ಇದ್ದವರು ಪಾಲಿಸಿ ಹೇಳಿದಲ್ಲೇ ರಿಪೇರಿ ಮಾಡಿಸಬೇಕಾಗುತ್ತದೆ.

ಅಂಗಡಿಯ ವಾರಂಟಿ ಒಂದು ವಾರದಿಂದ ಕೆಲವು ತಿಂಗಳವರೆಗೆ ಇರುತ್ತದೆ. ಕೆಲವೆಡೆ ‘ಟೆಸ್ಟಿಂಗ್ ವಾರಂಟಿ’ ಮಾತ್ರ, ಎಂದರೆ ಕಣ್ಣೆದುರು ನೋಡಿಕೊಂಡದ್ದಷ್ಟೇ. ಇದಕ್ಕೆ ಕಾರಣ ಸಗಟು ವ್ಯಾಪಾರಿಯ ಷರತ್ತು. ಗಾಜು ಬಿರಿದ, ಕೇಬಲ್ ಹರಿದ ಅಥವಾ ದಿನಾಂಕದ ಸ್ಟಿಕರ್ ಕಿತ್ತ ಪ್ಯಾನೆಲನ್ನು ಅವನು ವಾಪಸ್ ಪಡೆಯುವುದಿಲ್ಲ. ಅವನಿಂದ ಬದಲಿ ಸಿಗದ್ದನ್ನು ಅಂಗಡಿಯವನೂ ಕೊಡಲಾರ. ಟಚ್ ನಿಂತರೆ ಬದಲಿಸಿಕೊಡುವ ಅಂಗಡಿ ಗೆರೆ, ಕಲೆ ಬಂದರೆ ಕೊಡದಿರುವುದುಂಟು.

ಹಾಗಾಗಿ ಎಷ್ಟು ತಿಂಗಳು ಎಂಬುದರ ಜೊತೆಗೆ ಯಾವ ದೋಷಕ್ಕೆ ಎಂಬುದನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ‘ಡಿಸ್‌ಪ್ಲೇ ಬದಲಿ’ ಎಂದಷ್ಟೇ ಬರೆದ ಚೀಟಿಯಿಂದ ಯಾವ ಸರಕಿಗೆ ಹಣ ಕೊಟ್ಟದ್ದು ಎಂದು ಸಾಬೀತು ಮಾಡಲಾಗದು. ಪ್ಯಾನೆಲ್ಲಿನ ಬಗೆ, ದಿನಾಂಕ, ಮೊತ್ತ, ವಾರಂಟಿಯ ಅವಧಿ ಇವು ಬಿಲ್ಲಿನಲ್ಲಿದ್ದರೆ ಹೇಳಿದ್ದೊಂದು ಹಾಕಿದ್ದೊಂದು ಆದಾಗ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಲು ಆಧಾರ ಸಿಗುತ್ತದೆ. ದೂರು ಸರ್ವಿಸ್ ಸೆಂಟರಿನ ಮೇಲಾಗಲಿ, ಅಂಗಡಿಯ ಮೇಲಾಗಲಿ, ಬೇಕಾಗುವ ಕಾಗದ ಇದೇ.